ಕೇಜ್ ಒಳಗೆ ಕೂತ ಹಳೆ ಕಾರ್ ಸ್ಟೀರಿಯೊ ಹೊರತೆಗೆಯುವುದು ಹೇಗೆ? ಕೀ ಇದ್ದರೂ, ಕಳೆದಿದ್ದರೂ

"ಸ್ಟೀರಿಯೊ ಮುಂದೆ ಒಂದು ಸ್ಕ್ರೂ ಕೂಡ ಕಾಣ್ತಿಲ್ಲ, ಇದನ್ನ ಹೊರಗೆ ತೆಗೆಯೋದು ಹೇಗೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಳೆ ಆಲ್ಟೊ, ಝೆನ್, ವ್ಯಾಗನ್‌ಆರ್ ಇಟ್ಟುಕೊಂಡವರು ಬ್ಲೂಟೂತ್ ಇರುವ ಹೊಸ ಸೆಟ್ ತಂದಿರುತ್ತಾರೆ. ಹಳೆಯದು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಆಗ ಸ್ಕ್ರೂಡ್ರೈವರ್ ಹಾಕಿ ಮೀಟುತ್ತಾರೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಸೀಳುತ್ತದೆ, ಸ್ಟೀರಿಯೊ ಅಲ್ಲೇ ಇರುತ್ತದೆ.

ಅಂಗಡಿಯಲ್ಲಿ ಹಾಕಿಸಿದ ಒಂಟಿ ಡಿನ್ ಸ್ಟೀರಿಯೊವನ್ನು ಬಿಡಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂಟಿ ಡಿನ್ ಅಂದರೆ ಮುಂಭಾಗ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಇರುವ ಸೆಟ್. ಜರ್ಮನಿಯಲ್ಲಿ ಹುಟ್ಟಿದ ಈ ಅಳತೆಯನ್ನು ಆಮೇಲೆ ಬಹುತೇಕ ಎಲ್ಲ ಕಂಪನಿಗಳೂ ಒಪ್ಪಿಕೊಂಡವು. ಅದಕ್ಕೇ ಯಾವ ಕಂಪನಿಯ ಸೆಟ್ ಆದರೂ ಯಾವ ಕಾರಿನ ಗೂಡಿಗಾದರೂ ಹೆಚ್ಚುಕಡಿಮೆ ಕೂರುತ್ತದೆ.

ಬೀಗ ಎಲ್ಲಿದೆ?

ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಮೊದಲು ತೆಳು ತಗಡಿನ ಒಂದು ಪೆಟ್ಟಿಗೆ ಕೂರಿಸಿರುತ್ತಾರೆ. ಅದಕ್ಕೆ ಮುಂದೆಯೂ ಹಿಂದೆಯೂ ಮುಚ್ಚಳ ಇರುವುದಿಲ್ಲ. ಇದೇ ಕೇಜ್. ಕೆಲವು ಅಂಗಡಿಗಳಲ್ಲಿ ಫ್ರೇಮ್ ಅಂತಲೂ ಹೇಳುತ್ತಾರೆ. ಕೇಜ್‌ನ ಅಂಚಿನಲ್ಲಿರುವ ಸಣ್ಣ ತಗಡಿನ ಕಿವಿಗಳನ್ನು ಹೊರಕ್ಕೆ ಬಗ್ಗಿಸಿದರೆ ಅವು ಡ್ಯಾಶ್‌ಬೋರ್ಡನ್ನು ಕಚ್ಚಿಕೊಳ್ಳುತ್ತವೆ. ಆಮೇಲೆ ಸ್ಟೀರಿಯೊವನ್ನು ಕೇಜ್ ಒಳಗೆ ತಳ್ಳುತ್ತಾರೆ.

ಕೇಜ್‌ನ ಎಡ ಮತ್ತು ಬಲ ಗೋಡೆಗಳಲ್ಲಿ ಸ್ಪ್ರಿಂಗ್‌ನಂತೆ ಕೆಲಸ ಮಾಡುವ ತಗಡಿನ ನಾಲಿಗೆ ಇರುತ್ತದೆ. ಸ್ಟೀರಿಯೊ ಪೂರ್ತಿ ಒಳಗೆ ಹೋದಾಗ ಆ ನಾಲಿಗೆ ಸೆಟ್ಟಿನ ಪಕ್ಕದಲ್ಲಿರುವ ಗುಳಿಗೆ ಬಿದ್ದು ಟಿಕ್ ಅನ್ನುತ್ತದೆ. ಬಾಗಿಲಿನ ಚಿಲಕ ತನ್ನಷ್ಟಕ್ಕೆ ಬಿದ್ದ ಹಾಗೆ. ಇಷ್ಟೇ ಬೀಗ. ಎಡಕ್ಕೆ ಒಂದು, ಬಲಕ್ಕೆ ಒಂದು.

ಈ ಬೀಗ ಬಿಡಿಸಲು ಸೆಟ್ಟಿನ ಜೊತೆ ಕೊಡುವ ಲೋಹದ ಸಾಧನವೇ ರಿಲೀಸ್ ಕೀ. ಅದು ಮಾಡುವ ಕೆಲಸ ಎರಡು. ಸೆಟ್ ಮತ್ತು ಕೇಜ್ ನಡುವೆ ನುಗ್ಗಿ ಆ ನಾಲಿಗೆಯನ್ನು ಗುಳಿಯಿಂದ ಹೊರಕ್ಕೆ ಒತ್ತಿ ಹಿಡಿಯುವುದು ಮೊದಲನೆಯದು. ಕೀಯ ತುದಿಯಲ್ಲಿರುವ ಕೊಕ್ಕೆ ಅಥವಾ ಕಚ್ಚು ಸೆಟ್ಟಿಗೆ ಸಿಕ್ಕಿಕೊಂಡು ಎಳೆಯಲು ಹಿಡಿಕೆ ಆಗುವುದು ಎರಡನೆಯದು. ಈ ಎರಡು ಕೆಲಸ ಬೇರೆ ಬೇರೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಕೀ ಬದಲು ಮನೆಯಲ್ಲಿ ಮಾಡಿಕೊಂಡ ಪಟ್ಟಿ ಮೊದಲ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಎರಡನೆಯದಕ್ಕೆ ಬೇರೆ ದಾರಿ ಹುಡುಕಬೇಕು.

ನಿಮ್ಮದು ಯಾವ ಬಗೆ ಅಂತ ಮೊದಲು ನೋಡಿ

ಸೆಟ್ಟಿನ ಸುತ್ತ ಇರುವ ಪ್ಲಾಸ್ಟಿಕ್ ಚೌಕಟ್ಟಿಗೆ ಟ್ರಿಮ್ ರಿಂಗ್ ಅನ್ನುತ್ತಾರೆ. ಅದನ್ನು ತೆಗೆದು ಟಾರ್ಚ್ ಬಿಟ್ಟು ನೋಡಿ. ಎಡಬಲದಲ್ಲಿ ಸೆಟ್ಟಿಗೂ ಕೇಜ್‌ಗೂ ನಡುವೆ ಉದ್ದನೆಯ ಸೀಳು ಕಂಡರೆ ಚಪ್ಪಟೆ ಕೀ ಬೇಕು. ಪಯೋನಿಯರ್, ಸೋನಿ, ಕೆನ್‌ವುಡ್, ಜೆವಿಸಿ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇದೇ ಬಗೆ.

ಸೆಟ್ಟಿನ ಮುಖದ ಮೇಲೇ ಎಡಕ್ಕೆ ಎರಡು, ಬಲಕ್ಕೆ ಎರಡು ದುಂಡನೆಯ ಸಣ್ಣ ತೂತುಗಳು ಕಂಡರೆ ಅದು ಪಿನ್ ಬಗೆ. ಫೋರ್ಡ್ ಕಾರುಗಳ ಹಳೆ ರೇಡಿಯೊಗಳಲ್ಲಿ, ಬ್ಲಾಪುಂಕ್ಟ್‌ನಂಥ ಯುರೋಪಿನ ಸೆಟ್‌ಗಳಲ್ಲಿ ಇದು ಹೆಚ್ಚು. ಇಲ್ಲಿ ಸ್ಪ್ರಿಂಗ್ ಇರುವುದು ಕೇಜ್‌ನಲ್ಲಲ್ಲ, ಸೆಟ್ಟಿನ ಪಕ್ಕದಲ್ಲಿ. ಪಿನ್ ಒಳಗೆ ಹೋದಾಗ ಆ ಸ್ಪ್ರಿಂಗ್ ಒಳಕ್ಕೆ ಮಡಚಿಕೊಳ್ಳುತ್ತದೆ.

ಎರಡೂ ಕಾಣದಿದ್ದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಜಪಾನ್, ಕೊರಿಯಾ ಮೂಲದ ಅನೇಕ ಕಾರುಗಳಲ್ಲಿ, ಅದರಲ್ಲೂ ಕಾರಿನ ಜೊತೆಗೇ ಬಂದ ಸೆಟ್ ಆಗಿದ್ದರೆ, ಕೇಜ್ ಇರುವುದೇ ಇಲ್ಲ. ಸೆಟ್ಟಿನ ಎಡಬಲಕ್ಕೆ ದಪ್ಪ ತಗಡಿನ ಬ್ರಾಕೆಟ್ ಹಾಕಿ ಸ್ಕ್ರೂನಿಂದ ಬಿಗಿದಿರುತ್ತಾರೆ. ಆ ಸ್ಕ್ರೂ ಸಿಗಬೇಕಾದರೆ ಮುಂದಿನ ಪ್ಲಾಸ್ಟಿಕ್ ಪ್ಯಾನೆಲ್ಲೇ ಬಿಚ್ಚಬೇಕು. ಅಂಥ ಸೆಟ್ಟಿಗೆ ಪಟ್ಟಿ ತುರುಕಿ ಏನೂ ಪ್ರಯೋಜನ ಇಲ್ಲ.

ಏನೇನು ಬೇಕು

ಎರಡು ರಿಲೀಸ್ ಕೀ, ಬ್ಯಾಟರಿ ವೈರ್ ಬಿಚ್ಚಲು 10 ನಂಬರ್ ಸ್ಪ್ಯಾನರ್, ಟಾರ್ಚ್, ಪೇಂಟರ್‌ಗಳು ಬಳಸುವ ಕಾಗದದ ಟೇಪ್, ಕರೆಂಟ್ ಕೆಲಸದ ಇನ್ಸುಲೇಶನ್ ಟೇಪ್, ಹಳೆ ಎಟಿಎಂ ಕಾರ್ಡ್, ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಕೈಗವಸು. ಫೋಟೊ ತೆಗೆಯಲು ಮೊಬೈಲ್. ಇಷ್ಟು ಸಾಕು.

ಸ್ಟೀರಿಯೊ ಕೊಂಡಾಗ ಡಬ್ಬಿಯಲ್ಲಿ ಎರಡು ಕೀ ಬಂದಿರುತ್ತವೆ. ಒಮ್ಮೆ ಕಾರಿನ ಡಾಕ್ಯುಮೆಂಟ್ ಕವರ್, ಗ್ಲೋವ್ ಬಾಕ್ಸ್ ಎಲ್ಲ ಹುಡುಕಿ ನೋಡಿ. ಇಲ್ಲದಿದ್ದರೆ ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಕೇಳಿ. ಬೆಂಗಳೂರಿನವರಾದರೆ ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಬಹುದು. ಹೋಗುವಾಗ ಸೆಟ್ಟಿನ ಮುಖದ ಫೋಟೊ, ಟ್ರಿಮ್ ರಿಂಗ್ ತೆಗೆದ ಮೇಲಿನ ಫೋಟೊ ಎರಡೂ ತೋರಿಸಿ. ಒಂದು ಕಂಪನಿಯ ಕೀ ಇನ್ನೊಂದಕ್ಕೆ ಆಗುತ್ತದೆ ಅಂತ ನಂಬಬೇಡಿ. ಅಗಲ, ಕೊಕ್ಕೆ ಇರುವ ಬದಿ, ಕಚ್ಚಿನ ಜಾಗ ಎಲ್ಲವೂ ಬೇರೆ ಬೇರೆ.

ಕೀ ಸಿಗಲೇ ಇಲ್ಲ ಅಂದರೆ

ಚಪ್ಪಟೆ ಬಗೆಗೆ ನನಗೆ ಹಿಡಿಸಿದ ಸಾಮಾನು ಹಳೆ ವೈಪರ್ ಬ್ಲೇಡಿನ ಒಳಗಿರುವ ಸ್ಟೀಲ್ ಪಟ್ಟಿ. ಹಳೆ ಮಾದರಿಯ ಬ್ಲೇಡಿನ ರಬ್ಬರ್ ಎಳೆದರೆ ಅದರ ಎರಡು ಪಕ್ಕದಿಂದ ಉದ್ದನೆಯ ಎರಡು ಪಟ್ಟಿ ಬರುತ್ತವೆ. ತೆಳ್ಳಗಿರುತ್ತವೆ, ಬಗ್ಗಿಸಿದರೆ ಮತ್ತೆ ನೆಟ್ಟಗಾಗುತ್ತವೆ. ಈ ಗುಣವೇ ನಮಗೆ ಬೇಕಾದ್ದು. ಭಾರಿ ಪಾರ್ಸೆಲ್‌ಗಳಿಗೆ ಬಿಗಿಯುವ ಸ್ಟೀಲ್ ಪಟ್ಟಿಯನ್ನು ಸೀಳಿಗೆ ಸರಿಯಾಗಿ ಕತ್ತರಿಸಿಕೊಂಡರೂ ಆಗುತ್ತದೆ. ಡಬ್ಬದ ತಗಡು ಬೇಡ. ಅದು ಒಳಗೆ ಹೋಗಿ ಮಡಚಿಕೊಳ್ಳುತ್ತದೆ, ಹೊರಗೆ ಬರುವಾಗ ತುಂಡಾಗಿ ಒಳಗೇ ಉಳಿಯುತ್ತದೆ.

ಪಟ್ಟಿಯನ್ನು ಸುಮಾರು 15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಒಳಗೆ ಹೋಗುವ ತುದಿಯನ್ನು ಉಜ್ಜುಕಾಗದ ಅಥವಾ ಅರದಿಂದ ಉಜ್ಜಿ ನುಣುಪು ಮಾಡಿ. ಇದನ್ನು ಬಿಡಬೇಡಿ. ಕತ್ತರಿಸಿದ ಅಂಚಿನ ಮುಳ್ಳು ನಾಲಿಗೆಗೆ ಸಿಕ್ಕಿಕೊಂಡರೆ ಪಟ್ಟಿ ಮುಂದೆಯೂ ಹೋಗದು, ಹಿಂದೆಯೂ ಬಾರದು. ಕೈಯಲ್ಲಿ ಹಿಡಿಯುವ ತುದಿಗೆ ನಾಲ್ಕು ಸುತ್ತು ಇನ್ಸುಲೇಶನ್ ಟೇಪ್ ಹಾಕಿ. ಇಲ್ಲದಿದ್ದರೆ ಕೈ ಕೊಯ್ಯುತ್ತದೆ.

ನಾಲ್ಕು ತೂತಿನ ಬಗೆಗೆ ದುಂಡನೆಯ ಗಟ್ಟಿ ಕಂಬಿ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ 3.15 ಮಿ.ಮೀ. ದಪ್ಪದ ರಾಡ್‌ನ ಮೇಲಿನ ಲೇಪ ಪೂರ್ತಿ ಕುಟ್ಟಿ ಉದುರಿಸಿ ಒರೆಸಿದರೆ ಒಳ್ಳೆ ಕಂಬಿ ಸಿಗುತ್ತದೆ. ಸೈಕಲ್ ಸ್ಪೋಕ್ ಸುಮಾರು 2 ಮಿ.ಮೀ. ಮಾತ್ರ ಇರುವುದರಿಂದ ಕೆಲವು ಸೆಟ್‌ಗಳಲ್ಲಿ ಸಡಿಲವಾಗುತ್ತದೆ. ಇಂಥದ್ದೇ ಬೇಕು ಅನ್ನುವುದಕ್ಕಿಂತ ತೂತಿಗೆ ಸಲೀಸಾಗಿ, ಆದರೆ ಹೆಚ್ಚು ಅಲುಗಾಡದೆ ಹೋಗುವ ಕಂಬಿ ಆರಿಸಿ. ಒಂದೇ ಅಳತೆಯ ನಾಲ್ಕು ತುಂಡು ಬೇಕು. ಅದರ ಬದಲು ಎರಡು ಉದ್ದನೆಯ ಕಂಬಿ ತೆಗೆದುಕೊಂಡು ಒಂದೊಂದನ್ನೂ ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿದರೆ ಒಂದು ಬದಿಯ ಎರಡು ತೂತಿಗೆ ಒಂದು ಕಂಬಿ ಸಾಕು, ಎಳೆಯಲು ಹಿಡಿಕೆಯೂ ಆಯಿತು.

ಹಂತ 1: ಕೋಡ್ ಕೇಳುವ ಸೆಟ್ಟೇ ಅಂತ ನೋಡಿ, ಆಮೇಲೆ ಬ್ಯಾಟರಿ

ಕಾರಿನ ಜೊತೆ ಬಂದ ಕೆಲವು ಸೆಟ್‌ಗಳು ಕರೆಂಟ್ ತಪ್ಪಿದ ಕೂಡಲೆ ಲಾಕ್ ಆಗುತ್ತವೆ. ಮತ್ತೆ ಆನ್ ಮಾಡಿದಾಗ ಪರದೆಯ ಮೇಲೆ `CODE` ಅಂತ ಬರುತ್ತದೆ. ಕದ್ದ ಸೆಟ್ ಕೆಲಸಕ್ಕೆ ಬಾರದಿರಲಿ ಅಂತ ಮಾಡಿದ ಏರ್ಪಾಡು ಅದು. ಹಳೆ ಸೆಟ್ಟನ್ನು ಮಾರುವ ಅಥವಾ ಮತ್ತೆ ಬಳಸುವ ಯೋಚನೆ ಇದ್ದರೆ ಕೋಡ್ ಕಾರ್ಡ್ ಮೊದಲೇ ಹುಡುಕಿಡಿ. ಅಂಗಡಿಯಲ್ಲಿ ಹಾಕಿಸಿದ ಸಾಮಾನ್ಯ ಸೆಟ್‌ಗೆ ಬಹುತೇಕ ಈ ತಲೆನೋವಿಲ್ಲ.

ಒಳಗೆ ಸಿಡಿ ಇದ್ದರೆ ಈಗಲೇ ಹೊರಗೆ ತೆಗೆಯಿರಿ. ವೈರ್ ಬಿಚ್ಚಿದ ಮೇಲೆ ಅದು ಬರುವುದಿಲ್ಲ. ನಂತರ ಕಾರಿನ ಕೀ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಅದು ಮತ್ತೆ ತಾಗದ ಹಾಗೆ ಪಕ್ಕಕ್ಕೆ ಕಟ್ಟಿಡಿ. ಯಾವಾಗಲೂ ಮೈನಸ್ಸೇ ಮೊದಲು. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

"ಕಾರ್ ಆಫ್ ಇದೆಯಲ್ಲ, ಬ್ಯಾಟರಿ ಯಾಕೆ ಬಿಚ್ಚಬೇಕು?" ಅಂತ ಕೇಳುವವರಿದ್ದಾರೆ. ಸ್ಟೀರಿಯೊಗೆ ಹೋಗುವ ಹಳದಿ ವೈರ್‌ನಲ್ಲಿ ಕಾರ್ ಆಫ್ ಇದ್ದಾಗಲೂ 12 ವೋಲ್ಟ್ ಇರುತ್ತದೆ. ಗಡಿಯಾರ, ಸೇವ್ ಮಾಡಿದ ಸ್ಟೇಷನ್‌ಗಳು ಉಳಿಯುವುದು ಅದರಿಂದಲೇ. ನೀವು ತುರುಕುವುದು ಸ್ಟೀಲ್ ಪಟ್ಟಿ, ಸುತ್ತ ಇರುವುದು ತಗಡಿನ ಕೇಜ್. ಹಿಂದೆ ಟೇಪ್ ಕಿತ್ತುಬಂದ ಒಂದು ಜಾಯಿಂಟ್ ಇದ್ದರೆ ಫ್ಯೂಸ್ ಹೋಗಲು ಅಷ್ಟೇ ಸಾಕು. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾಯಿರಿ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಕಪ್ಲರ್ ಅಂದರೆ ವೈರುಗಳನ್ನು ಒಟ್ಟಿಗೆ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್.

ಹಂತ 2: ಮುಂದಿನ ಮುಖ ಮತ್ತು ಟ್ರಿಮ್ ರಿಂಗ್

ಬಿಚ್ಚಿ ತೆಗೆಯುವ ಮುಖ ಇರುವ ಸೆಟ್ ಆದರೆ ಅದರ ಬಟನ್ ಒತ್ತಿ ಮುಖವನ್ನು ತೆಗೆದು ಬಟ್ಟೆಯಲ್ಲಿ ಸುತ್ತಿಡಿ. ಮುಖದ ಹಿಂದೆ ಸಣ್ಣ ಸ್ಕ್ರೂ ಇದ್ದರೆ ಅದು ಮುಖ ಕಳಚದ ಹಾಗೆ ಹಾಕಿದ್ದಿರಬಹುದು, ಗಮನಿಸಿ.

ಈಗ ಸೆಟ್ಟಿನ ಸುತ್ತ ಡ್ಯಾಶ್‌ಬೋರ್ಡಿಗೆ ಕಾಗದದ ಟೇಪ್ ಅಂಟಿಸಿ. ಬಿಸಿಲು ತಿಂದ ಹಳೆ ಪ್ಲಾಸ್ಟಿಕ್ ಬೇಗ ಗೀಚುತ್ತದೆ. ಚಳಿಯ ಬೆಳಗ್ಗೆ ಈ ಕೆಲಸ ಬೇಡ, ತಣ್ಣಗಿದ್ದಾಗ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ. ಮಧ್ಯಾಹ್ನ ನೆರಳಲ್ಲಿ ಗಾಡಿ ನಿಲ್ಲಿಸಿ ಮಾಡಿ.

ಟ್ರಿಮ್ ರಿಂಗ್‌ನ ಮೇಲಿನ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ, ಕೆಳಗಿನದನ್ನು ಸ್ವಲ್ಪ ಕೆಳಕ್ಕೆ ಹಿಗ್ಗಿಸಿ ನಿಮ್ಮ ಕಡೆಗೆ ಎಳೆದರೆ ಬರುತ್ತದೆ. ಬೆರಳು ಸಿಗದಿದ್ದರೆ ಎಟಿಎಂ ಕಾರ್ಡ್ ತೂರಿಸಿ. ಕೆನ್‌ವುಡ್‌ನ ಕೆಲವು ಸೆಟ್‌ಗಳಲ್ಲಿ ರಿಂಗ್‌ಗೆ ಸಣ್ಣ ಲಾಕ್‌ಗಳಿರುತ್ತವೆ. ಅದೇ ಕೀಯ ಇನ್ನೊಂದು ತುದಿಯ ಕೊಕ್ಕೆಯಿಂದ ಆ ಲಾಕ್ ಬಿಡಿಸಬೇಕು. ಒಂದು ಕಡೆಯಿಂದ ಮಾತ್ರ ಜಗ್ಗಿದರೆ ಮೂಲೆ ಮುರಿಯುತ್ತದೆ.

ಹಂತ 3: ಹಿಂದಿನ ಬೋಲ್ಟ್ ಇದೆಯಾ?

ಬಹಳ ಜನ ಬಿಡುವ ಹಂತ ಇದು. ಕೀ ಹಾಕುವ ಮೊದಲೇ ನೋಡಿಬಿಡಿ.

ಹೊಂಡದ ರಸ್ತೆಯಲ್ಲಿ ಸೆಟ್ ಕುಣಿಯದಿರಲಿ ಅಂತ ಅದರ ಬೆನ್ನಿಗೆ ಒಂದು ಬೋಲ್ಟ್ ಹಾಕಿ, ತೂತುಗಳಿರುವ ಲೋಹದ ಪಟ್ಟಿಯಿಂದ ಡ್ಯಾಶ್‌ಬೋರ್ಡ್ ಒಳಗಿನ ಕಬ್ಬಿಣಕ್ಕೆ ಬಿಗಿಯುವುದುಂಟು. ಕೆಲವರು ಬೋಲ್ಟ್ ಮೇಲೆ ರಬ್ಬರ್ ಟೋಪಿ ಹಾಕಿ ಗೂಡಿನ ಹಿಂದಿನ ತೂತಿಗೆ ಕೂರಿಸುತ್ತಾರೆ. ರಬ್ಬರ್ ಆದರೆ ಎಳೆದಾಗ ತಾನೇ ಬಿಟ್ಟುಕೊಳ್ಳುತ್ತದೆ. ನಟ್ ಬಿಗಿದ ಪಟ್ಟಿ ಆದರೆ ಮುಂದಿನ ಎರಡೂ ಬೀಗ ಬಿಟ್ಟರೂ ಸೆಟ್ ಬರುವುದಿಲ್ಲ.

ಗ್ಲೋವ್ ಬಾಕ್ಸ್ ಇಳಿಸಿ, ಟಾರ್ಚ್ ಮತ್ತು ಮೊಬೈಲ್ ಕ್ಯಾಮೆರಾ ಒಳಗೆ ಹಿಡಿದು ಸೆಟ್ಟಿನ ಬೆನ್ನು ಹೇಗಿದೆ ನೋಡಿ. ಕಣ್ಣಿಗೆ ಕಾಣದ್ದು ವಿಡಿಯೊದಲ್ಲಿ ಕಾಣುತ್ತದೆ. ಪಟ್ಟಿ ಕಂಡರೆ ನಟ್ ಬಿಚ್ಚಿ. ಸೆಟ್ಟಿನ ಕಡೆಯ ನಟ್ ಕೈಗೆ ಸಿಗದಿದ್ದರೆ ಪಟ್ಟಿಯ ಇನ್ನೊಂದು ತುದಿಯ ಸ್ಕ್ರೂ ಬಿಚ್ಚಬಹುದು.

ಹಂತ 4: ಕೀ ತೂರಿಸುವುದು

ಟಾರ್ಚ್ ಹಿಡಿದು ಎಡಬದಿಯ ಸೀಳನ್ನು ಹತ್ತಿರದಿಂದ ನೋಡಿ. ಅಲ್ಲಿ ಮೂರು ಪದರ ಕಾಣುತ್ತದೆ. ಹೊರಗಡೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ನಡುವೆ ತೆಳುಗೆರೆಯಂತೆ ಕೇಜ್‌ನ ತಗಡು, ಒಳಗಡೆ ಸೆಟ್ಟಿನ ಲೋಹದ ಮೈ. ಕೀ ಹೋಗಬೇಕಾದ್ದು ಕೇಜ್‌ಗೂ ಸೆಟ್ಟಿಗೂ ನಡುವೆ. ಪ್ಲಾಸ್ಟಿಕ್‌ಗೂ ಕೇಜ್‌ಗೂ ನಡುವೆಯೂ ಪಟ್ಟಿ ಸಲೀಸಾಗಿ ಹೋಗಿಬಿಡುತ್ತದೆ. ಅಲ್ಲಿ ಹೋದರೆ ನಾಲಿಗೆಯನ್ನು ಸೆಟ್ಟಿನ ಗುಳಿಯೊಳಕ್ಕೆ ಇನ್ನಷ್ಟು ಒತ್ತಿದಂತೆ ಆಗುತ್ತದೆ, ಬೀಗ ಮತ್ತೂ ಬಿಗಿಯಾಗುತ್ತದೆ.

ಸೋನಿ ಕೀ ಆದರೆ ಕೊಕ್ಕೆ ಇರುವ ಬದಿ ಒಳಕ್ಕೆ, ಅಂದರೆ ಸೆಟ್ಟಿನ ಕಡೆಗೆ ಮುಖ ಮಾಡಿರಬೇಕು. ಉಳಿದ ಕಂಪನಿಯ ಕೀಗಳಲ್ಲಿ ಎಡ, ಬಲ ಅಂತ ಗುರುತಿದ್ದರೆ ಅದರಂತೆ ಹಾಕಿ. ಕೀಯನ್ನು ನೇರವಾಗಿ, ಓರೆಯಾಗದ ಹಾಗೆ ತಳ್ಳಿ. ಸ್ವಲ್ಪ ದೂರ ಆರಾಮಾಗಿ ಹೋಗುತ್ತದೆ, ನಂತರ ಮೆತ್ತನೆಯ ತಡೆ ಸಿಗುತ್ತದೆ. ಅದೇ ನಾಲಿಗೆ. ಇನ್ನೊಂದು ಚೂರು ಒತ್ತಿದರೆ ಟಿಕ್ ಅಂತ ಕೂರುತ್ತದೆ. ಆ ಟಿಕ್ ಕಿವಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕೂತ ಕೀಯನ್ನು ಮೆಲ್ಲಗೆ ಎಳೆದರೆ ಹಿಂದೆ ಬರುವುದಿಲ್ಲ. ಬಂದುಬಿಟ್ಟರೆ ಅದು ಇನ್ನೂ ಕೂತಿಲ್ಲ.

ಎಡಗಡೆಯದನ್ನು ಹಾಗೇ ಬಿಟ್ಟು ಬಲಗಡೆಯದನ್ನೂ ಹಾಕಿ. ಎರಡೂ ಕಡೆ ಒಟ್ಟಿಗೆ ಬಿಟ್ಟಿರಬೇಕು. ಒಂದು ಬದಿ ಬಿಡಿಸಿ, ಕೀ ತೆಗೆದು, ಇನ್ನೊಂದು ಬದಿಗೆ ಹೋದರೆ ಮೊದಲನೆಯ ನಾಲಿಗೆ ಮತ್ತೆ ಬೀಳುತ್ತದೆ. ಒಂದೇ ಕೀ ಇದೆ ಅನ್ನುವವರು ಎರಡನೆಯ ಕಡೆಗೆ ಪಟ್ಟಿ ಮಾಡಿಕೊಳ್ಳಲೇಬೇಕು.

ಮನೆಯಲ್ಲಿ ಮಾಡಿದ ಪಟ್ಟಿಯಲ್ಲಿ ಟಿಕ್ ಸಿಗದೆ ಇರಬಹುದು. ಆಗ ಸೀಳಿನ ಮೇಲಿನ ತುದಿಯಿಂದ ಶುರು ಮಾಡಿ, ಪಟ್ಟಿಯನ್ನು ಸ್ವಲ್ಪ ಸ್ವಲ್ಪ ಕೆಳಗೆ ಸರಿಸುತ್ತಾ ತಡೆ ಎಲ್ಲಿ ಸಿಗುತ್ತದೆ ಅಂತ ಹುಡುಕಿ. ತಡೆ ಸಿಕ್ಕ ಜಾಗದಲ್ಲಿ ಅದನ್ನು ದಾಟಿಸಿ ಅಲ್ಲೇ ಬಿಡಿ. ಅಗಲ ಕಮ್ಮಿ ಇರುವ ವೈಪರ್ ಪಟ್ಟಿ ಆದರೆ ಒಂದು ಬದಿಗೆ ಎರಡು ಹಾಕಬೇಕಾಗಬಹುದು.

ನಾಲ್ಕು ತೂತಿನವರು ಎರಡೂ ಕಡೆಯ ಪಿನ್‌ಗಳನ್ನು ಟಿಕ್ ಅನ್ನುವವರೆಗೆ ತಳ್ಳಿ, ಆಮೇಲೆ ಎರಡೂ ಹಿಡಿಕೆಗಳನ್ನು ಹೊರಬದಿಗೆ, ಅಂದರೆ ಎಡಗಡೆಯದನ್ನು ಎಡಕ್ಕೆ, ಬಲಗಡೆಯದನ್ನು ಬಲಕ್ಕೆ ಸ್ವಲ್ಪ ಅಗಲಿಸಿ ಹಿಡಿದೇ ಎಳೆಯಬೇಕು. ಹಾಗೆ ಅಗಲಿಸಿದಾಗಲೇ ಸ್ಪ್ರಿಂಗ್ ಪೂರ್ತಿ ಒಳಕ್ಕೆ ಹೋಗುವುದು. ಕೆನ್‌ವುಡ್‌ನ ಚಪ್ಪಟೆ ಕೀಯಲ್ಲಿ ಇದು ತಿರುಗುಮುರುಗು. ಅಲ್ಲಿ ಕೀಗಳನ್ನು ಕೆಳಕ್ಕೆ ಅದುಮಿ, ಒಳಮುಖವಾಗಿ ಒತ್ತುತ್ತಾ ಎಳೆಯಬೇಕು.

ಹಂತ 5: ಎಳೆಯುವುದು

ಎರಡೂ ಕೀ ಹಿಡಿದು ನೇರವಾಗಿ ನಿಮ್ಮ ಕಡೆಗೆ, ಎರಡೂ ಕೈಗೆ ಸಮ ಜೋರು ಹಾಕಿ ಎಳೆಯಿರಿ. ಬೀಗ ಬಿಟ್ಟಿದ್ದರೆ ಜಾಸ್ತಿ ಶಕ್ತಿ ಬೇಡ. ಮೊದಲು ಕರಕರ ಅಂದು ಒಂದೆರಡು ಮಿ.ಮೀ. ಬರುತ್ತದೆ, ಆಮೇಲೆ ಜಾರುತ್ತದೆ.

ಕೊಕ್ಕೆ ಇಲ್ಲದ ಪಟ್ಟಿ ಬಳಸಿದವರು ಪಟ್ಟಿಯನ್ನು ಎಳೆಯಬೇಡಿ, ಅದಷ್ಟೇ ಕೈಗೆ ಬರುತ್ತದೆ. ಅದು ಅಲ್ಲೇ ಇರಲಿ. ಮುಖ ತೆಗೆದ ಸೆಟ್ಟಿನ ಲೋಹದ ಅಂಚನ್ನು ಬೆರಳಲ್ಲಿ ಹಿಡಿದು ಎಳೆಯಿರಿ. ಹಿಡಿತ ಸಿಗದಿದ್ದರೆ ಒಬ್ಬರು ಗ್ಲೋವ್ ಬಾಕ್ಸ್ ಜಾಗದಿಂದ ಕೈ ಹಾಕಿ ಬೆನ್ನನ್ನು ಮುಂದಕ್ಕೆ ತಳ್ಳಲಿ. ಸಿಡಿ ಹಾಕುವ ಬಾಯಿಗೆ ಏನನ್ನೂ ಸಿಕ್ಕಿಸಿ ಎಳೆಯಬೇಡಿ.

ಬರದಿದ್ದರೆ ಜೋರು ಹೆಚ್ಚಿಸಬೇಡಿ. ಸೆಟ್ ಹೇಗೆ ತಡೆಯುತ್ತಿದೆ ಅನ್ನುವುದರಿಂದಲೇ ಕಾರಣ ಗೊತ್ತಾಗುತ್ತದೆ.

ಒಂದು ಬದಿ ಮುಂದೆ ಬಂದು ಇನ್ನೊಂದು ಬದಿ ಅಲ್ಲೇ ಇದ್ದರೆ, ನಿಂತ ಬದಿಯ ಬೀಗ ಬಿಟ್ಟಿಲ್ಲ. ಓರೆಯಾದ ಸೆಟ್ಟನ್ನು ಮೊದಲು ಪೂರ್ತಿ ಒಳಕ್ಕೆ ತಳ್ಳಿ. ಎಳೆತ ಇರುವಾಗ ನಾಲಿಗೆ ಗುಳಿಯ ಅಂಚಿಗೆ ಒತ್ತಿಕೊಂಡಿರುತ್ತದೆ, ಆಗ ಕೀಗೆ ಅದನ್ನು ಎತ್ತಲಾಗದು. ಒಳಕ್ಕೆ ತಳ್ಳಿ ಹಿಡಿದಾಗ ಸಡಿಲವಾಗುತ್ತದೆ, ಕೀ ಕೂರುತ್ತದೆ. ಸಿಕ್ಕಿಕೊಂಡ ಮುಕ್ಕಾಲು ಪಾಲು ಸೆಟ್‌ಗಳು ಬಿಡುವುದು ಈ ಒಂದು ಉಪಾಯದಿಂದ ಅಂತಲೇ ನನ್ನ ಅನಿಸಿಕೆ.

ಸೆಟ್ಟಿನ ಜೊತೆ ತಗಡಿನ ಅಂಚೂ ಮುಂದೆ ಬರುತ್ತಿದ್ದರೆ ಕೇಜ್ ಸಮೇತ ಬರುತ್ತಿದೆ ಅಂತ ಅರ್ಥ. ಕೇಜ್‌ನ ಕಿವಿಗಳು ಸವೆದು ಹಿಡಿತ ಬಿಟ್ಟಿವೆ, ಬೀಗ ಮಾತ್ರ ಬಿಟ್ಟಿಲ್ಲ. ಹೇಗೂ ಕೇಜ್ ಬದಲಿಸುವವರಿಗೆ ಇದು ನಷ್ಟವಲ್ಲ. ಆದರೆ ಬಗ್ಗಿದ ಕಿವಿಗಳು ಪ್ಲಾಸ್ಟಿಕ್ಕನ್ನು ಹರಿಯುತ್ತವೆ, ಹಾಗಾಗಿ ಅವನ್ನು ಮೊದಲು ನೆಟ್ಟಗೆ ಮಾಡಿ.

ಮುಂಭಾಗ ಎರಡೂ ಕಡೆ ಸಮನಾಗಿ ಸ್ವಲ್ಪ ಬಂದು, ಬಿಟ್ಟ ಕೂಡಲೆ ರಬ್ಬರಿನ ಹಾಗೆ ಹಿಂದಕ್ಕೆ ಹೋದರೆ ಹಿಂದಿನ ಪಟ್ಟಿ ಹಿಡಿದಿದೆ. ಹಂತ 3ಕ್ಕೆ ವಾಪಸ್ ಹೋಗಿ. ನಾಲ್ಕೈದು ಸೆಂ.ಮೀ. ಸಲೀಸಾಗಿ ಬಂದು ಗಕ್ಕನೆ ನಿಂತರೆ ವೈರ್ ಅಥವಾ ಆಂಟೆನಾ ಕೇಬಲ್ ಬಿಗಿಯಾಗಿದೆ. ಜಗ್ಗಬೇಡಿ, ಹಿಂದೆ ಕೈ ಹಾಕಿ ಸಡಿಲ ಮಾಡಿ.

ಈಚೆಗೆ ಪಕ್ಕದ ಮನೆಯವರ ಹಳೆ ಆಲ್ಟೊದಲ್ಲಿ ಇವುಗಳಲ್ಲಿ ಎರಡು ತೊಂದರೆ ಒಂದರ ಹಿಂದೆ ಒಂದು ಬಂದವು. ಚಪ್ಪಟೆ ಬಗೆಯ ಸೆಟ್, ಮೂಲ ಕೀ ಇರಲಿಲ್ಲ, ವೈಪರ್ ಪಟ್ಟಿಯೇ ಗತಿ. ಎಡಗಡೆ ಬಿಟ್ಟಿತು, ಬಲಗಡೆ ಬಿಡಲಿಲ್ಲ. ಟಾರ್ಚ್‌ನಲ್ಲಿ ನೋಡಿದರೆ ಬಲಗಡೆಯ ಪಟ್ಟಿ ಕೇಜ್‌ನ ಹೊರಗೆ ಹೋಗಿತ್ತು. ಸೆಟ್ಟನ್ನು ಹೆಬ್ಬೆರಳಿಂದ ಒಳಕ್ಕೆ ಒತ್ತಿ ಹಿಡಿದು, ಪಟ್ಟಿಯನ್ನು ಒಳಪದರಕ್ಕೆ ಹಾಕಿದ ಮೇಲೆ ಅದೂ ಬಿಟ್ಟಿತು. ಎಳೆದರೆ ಅರ್ಧ ಬೆರಳಿನಷ್ಟು ಬಂದು ವಾಪಸ್ ಹೋಗುತ್ತಿತ್ತು. ಗ್ಲೋವ್ ಬಾಕ್ಸ್ ಇಳಿಸಿ ನೋಡಿದಾಗ ಬೆನ್ನಿನ ಬೋಲ್ಟಿಗೆ ಲೋಹದ ಪಟ್ಟಿ ಇತ್ತು. ನಟ್ ಬಿಚ್ಚಿದ ಮೇಲೆ ಎರಡು ಬೆರಳಲ್ಲಿ ಹಿಡಿದರೂ ಬಂತು. ಹಿಂದಿನದನ್ನು ಮೊದಲೇ ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹಂತ 6: ವೈರ್ ಬಿಚ್ಚುವ ಮೊದಲು

ಸೆಟ್ ಒಂದು ಕಿಲೋ ಮೇಲಿರುತ್ತದೆ. ವೈರ್‌ನಲ್ಲಿ ತೂಗಾಡಲು ಬಿಡಬೇಡಿ, ಗೇರ್ ಹತ್ತಿರ ಟವೆಲ್ ಹಾಸಿ ಅದರ ಮೇಲೆ ಇಡಿ. ಏನನ್ನೂ ಮುಟ್ಟುವ ಮೊದಲು ಬೆನ್ನಿನ ಫೋಟೊ ತೆಗೆಯಿರಿ. ದಪ್ಪ ಆಂಟೆನಾ ಕೇಬಲ್ಲನ್ನು ಅದರ ಲೋಹದ ತಲೆ ಹಿಡಿದು ಎಳೆಯಿರಿ, ವೈರ್ ಹಿಡಿದು ಅಲ್ಲ. ಕಪ್ಲರ್‌ಗೆ ಒತ್ತುವ ಗುಂಡಿ ಇರುತ್ತದೆ, ಅದನ್ನು ಒತ್ತಿಯೇ ಬಿಡಿಸಿ.

ಕೆಲವು ಕಾರುಗಳಲ್ಲಿ ಕಪ್ಲರ್ ಬದಲು ವೈರ್ ವೈರ್ ತಿರುಚಿ ಟೇಪ್ ಸುತ್ತಿರುತ್ತಾರೆ. ಆಗ ಎಲ್ಲವನ್ನೂ ಒಟ್ಟಿಗೆ ಕತ್ತರಿಸಬೇಡಿ. ಒಂದೊಂದೇ ಬಿಚ್ಚಿ, ಕಾರಿನ ಕಡೆಯ ತುದಿಗೆ ಚೀಟಿ ಅಂಟಿಸಿ, ಬರಿ ತಂತಿಗೆ ಟೇಪ್ ಸುತ್ತಿ. ಅಂಗಡಿಯ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ಸದಾ ಕರೆಂಟ್ ಇರುವ ವೈರ್, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್, ಕಪ್ಪು ಅರ್ತ್. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರ್‌ಗಳಿಗೆ. ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್. ಇದು ಸೆಟ್ಟಿನ ಕಡೆಯ ಬಣ್ಣ. ಕಾರಿನ ಕಡೆಯ ಬಣ್ಣ ಬೇರೆ ಇರಬಹುದು, ಅದಕ್ಕೇ ಚೀಟಿ.

ಹಂತ 7: ಕೀ ಬಿಡಿಸುವುದು, ಕೇಜ್ ತೆಗೆಯುವುದು

ಹೊರಗೆ ಬಂದ ಸೆಟ್ಟಿನಲ್ಲಿ ಕೀ ಸಿಕ್ಕಿಕೊಂಡೇ ಇರುತ್ತದೆ. ಜಗ್ಗಿದರೆ ಬರದು. ಕೊಕ್ಕೆ ಕಚ್ಚಿರುವ ಕಡೆ ಕೀಯನ್ನು ಚೂರು ಬದಿಗೆ ಬಾಗಿಸಿ ಬಿಡಿಸಿ. ಪಿನ್ ಬಗೆಯಲ್ಲಿ ಸೆಟ್ಟಿನ ಪಕ್ಕದ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ಹಿಡಿದರೆ ಪಿನ್ ಈಚೆ ಬರುತ್ತದೆ.

ಹೊಸ ಸೆಟ್ಟಿನ ಜೊತೆ ಅದರದ್ದೇ ಕೇಜ್ ಬಂದಿರುತ್ತದೆ. ಹಳೆಯದರಲ್ಲೇ ತೂರಿಸಿ ನೋಡೋಣ ಅಂತ ಹೋಗಬೇಡಿ. ಕಂಪನಿ ಬದಲಾದರೆ ನಾಲಿಗೆಯ ಜಾಗವೂ ಬದಲಾಗುತ್ತದೆ. ಅರ್ಧ ಕೂತ ಸೆಟ್ ಬ್ರೇಕ್ ಹಾಕಿದಾಗಲೆಲ್ಲ ಸದ್ದು ಮಾಡುತ್ತದೆ. ಸಿಕ್ಕಿಕೊಂಡರಂತೂ ಹೊಸ ಕೀ ಕೂಡ ಬಿಡಿಸಲಾರದು. ಹಳೆ ಕೇಜ್ ತೆಗೆಯಲು, ಅಂಚಿನ ಸುತ್ತ ಹೊರಕ್ಕೆ ಬಗ್ಗಿದ ಕಿವಿಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಒಂದೊಂದಾಗಿ ಒಳಕ್ಕೆ ಒತ್ತಿ ನೆಟ್ಟಗೆ ಮಾಡಿ. ಎಲ್ಲವೂ ನೆಟ್ಟಗಾದ ಮೇಲೆ ಕೇಜ್ ತಾನೇ ಜಾರಿ ಬರುತ್ತದೆ. ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿಕೊಳ್ಳಿ. ಕೇಜ್‌ಗೆ ಅರ್ತ್ ವೈರ್ ಸ್ಕ್ರೂ ಮಾಡಿದ್ದರೆ ಅದನ್ನು ಬಿಚ್ಚಿ ಜೋಪಾನವಾಗಿಡಿ.

ಅದೇ ಸೆಟ್ಟನ್ನು ರಿಪೇರಿ ಮಾಡಿಸಿ ವಾಪಸ್ ಹಾಕುವವರು ಕೇಜ್ ಬಿಚ್ಚಬೇಕಿಲ್ಲ. ಆದರೆ ಒಳಗೆ ಕೈ ಹಾಕಿ ಎರಡೂ ನಾಲಿಗೆಗಳನ್ನು ಮುಟ್ಟಿ ನೋಡಿ. ಕೀಯ ಒತ್ತಡಕ್ಕೆ ಅವು ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿರಬಹುದು. ಹಾಗಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಒಂದೆರಡು ಮಿ.ಮೀ. ಒಳಕ್ಕೆ ಬಗ್ಗಿಸಿ. ಸೆಟ್ ತಳ್ಳಿದಾಗ ಎರಡೂ ಕಡೆಯಿಂದ ಟಿಕ್ ಕೇಳಬೇಕು. ಒಂದೇ ಕಡೆ ಕೇಳಿದರೆ ಹೊರಗೆ ತೆಗೆದು ಇನ್ನೊಂದು ನಾಲಿಗೆಯನ್ನು ಮತ್ತೊಂದು ಚೂರು ಬಗ್ಗಿಸಿ. ಟ್ರಿಮ್ ರಿಂಗ್ ಹಾಕುವ ಮೊದಲೇ ಬ್ಯಾಟರಿ ಜೋಡಿಸಿ, ನಾಲ್ಕೂ ಸ್ಪೀಕರ್‌ನಲ್ಲಿ ಸದ್ದು ಬರುತ್ತಿದೆಯಾ ಅಂತ ಕೇಳಿಕೊಳ್ಳಿ.